ಊಟದ ಬಿಲ್‌ನಲ್ಲಿ ಸರ್ವಿಸ್ ಚಾರ್ಜ್, ಟಿಪ್ಸ್ ಮತ್ತು ಜಿಎಸ್‌ಟಿ: ಒಂದು ಬಿಲ್ ಬಿಡಿಸಿ ನೋಡೋಣ

ಜಿಎಸ್‌ಟಿ ಪಾಠದಲ್ಲಿ ‘ಪೂರೈಕೆಯ ಮೌಲ್ಯ’, ಅಂದರೆ ಯಾವ ಮೊತ್ತದ ಮೇಲೆ ತೆರಿಗೆ ಹಾಕಬೇಕು ಎಂಬ ಅಧ್ಯಾಯ ಓದುವಾಗ ನಮ್ಮ ಗುಂಪಿನಲ್ಲಿ ಜಾಸ್ತಿ ಗೊಂದಲ ಆಗಿದ್ದು ಹೋಟೆಲ್ ಬಿಲ್ಲಿನ ಲೆಕ್ಕದಲ್ಲೇ. ಸರ್ವಿಸ್ ಚಾರ್ಜ್ ಮೇಲೆ ತೆರಿಗೆ ಇದೆ, ಟಿಪ್ಸ್ ಮೇಲೆ ಇಲ್ಲ ಅಂತ ಬಾಯಿಪಾಠ ಮಾಡಿದರೆ ಸಾಲದು. ಎರಡೂ ಕೊನೆಗೆ ಊಟ ಬಡಿಸಿದವರ ಹೆಸರಲ್ಲೇ ಹೋಗುವ ದುಡ್ಡು ಅಲ್ವಾ? ಹಾಗಿದ್ದರೆ ಈ ಫರಕು ಯಾಕೆ? ಅದಕ್ಕೆ ಒಂದೇ ಒಂದು ಬಿಲ್ ತೆಗೆದುಕೊಂಡು ಕೊನೆತನಕ ಬಿಡಿಸೋಣ.

ಬೆಳಗಾವಿಯ ಟಿಳಕವಾಡಿಯಲ್ಲಿ ಒಂದು ಎಸಿ ರೆಸ್ಟೋರೆಂಟ್ ಇದೆ ಅಂತ ಇಟ್ಟುಕೊಳ್ಳಿ. ಲಾಡ್ಜ್ ಇಲ್ಲ, ಬರೀ ಊಟ. ನಾಲ್ಕು ಜನ ಹೋಗಿ ಜೋಳದ ರೊಟ್ಟಿ, ಎಣ್ಣೆಗಾಯಿ ಪಲ್ಯ, ಅನ್ನ ಸಾರು, ಕೊನೆಗೆ ಕುಂದಾ ತಿಂದರು. ಬಿಲ್ ಹೀಗೆ ಬಂತು:

ಊಟ: 1,600
ಸರ್ವಿಸ್ ಚಾರ್ಜ್ 10%: 160
ಒಟ್ಟು: 1,760
ಸಿಜಿಎಸ್‌ಟಿ 2.5%: 44
ಎಸ್‌ಜಿಎಸ್‌ಟಿ 2.5%: 44
ಕೊಡಬೇಕಾದ್ದು: 1,848

ಮೊದಲು ದರ ನೋಡಿ. 2017ರ ನವೆಂಬರ್ 15ರಿಂದ ಇಂಥ ರೆಸ್ಟೋರೆಂಟಿಗೆ 5% ಜಿಎಸ್‌ಟಿ. ಎಸಿ ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ. ಮಾಲೀಕರಿಗೆ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್, ಅಂದರೆ ತಾವು ಸಾಮಾನು ಕೊಳ್ಳುವಾಗ ಕೊಟ್ಟ ತೆರಿಗೆಯನ್ನು ಕಟ್ಟಬೇಕಾದ ತೆರಿಗೆಯಲ್ಲಿ ಕಳೆಯುವ ಅವಕಾಶ, ಸಿಗುವುದಿಲ್ಲ. ದಿನಕ್ಕೆ 7,500 ರೂಪಾಯಿಗಿಂತ ಜಾಸ್ತಿ ಬಾಡಿಗೆಯ ಕೋಣೆ ಇರುವ ದೊಡ್ಡ ಹೋಟೆಲಿನ ಒಳಗಿನ ರೆಸ್ಟೋರೆಂಟಿಗೆ 18%, ಅಲ್ಲಿ ಕ್ರೆಡಿಟ್ ಸಿಗುತ್ತದೆ. ನಮ್ಮ ಲೆಕ್ಕಕ್ಕೆ 5% ಸಾಕು.

ಈಗ ಮುಖ್ಯ ಪ್ರಶ್ನೆ. ತೆರಿಗೆಯನ್ನು 1,600ರ ಮೇಲೆ ಹಾಕದೆ 1,760ರ ಮೇಲೆ ಯಾಕೆ ಹಾಕಿದರು? ಉತ್ತರ ಸಿಜಿಎಸ್‌ಟಿ ಕಾಯ್ದೆಯ 15ನೇ ಕಲಮಿನಲ್ಲಿದೆ. ಪೂರೈಕೆ ಮಾಡುವವರು ಗಿರಾಕಿಯಿಂದ ಬೆಲೆಯ ಜೊತೆಗೆ ಬೇರೆ ಖರ್ಚು ಅಂತ ವಸೂಲಿ ಮಾಡಿದರೆ, ಕಮಿಷನ್ ಇರಲಿ, ಪ್ಯಾಕಿಂಗ್ ಇರಲಿ, ಅದೂ ಮೌಲ್ಯಕ್ಕೆ ಸೇರುತ್ತದೆ ಎನ್ನುತ್ತದೆ 15(2)(ಸಿ). ಇಲ್ಲಿ ಪೂರೈಕೆ ಮಾಡಿದವರು ರೆಸ್ಟೋರೆಂಟ್ ಮಾಲೀಕರು. 160 ರೂಪಾಯಿ ಕೇಳಿದ್ದೂ ಅವರೇ, ಬಿಲ್ಲಿನಲ್ಲಿ ಬರೆದದ್ದೂ ಅವರೇ. ಹೆಸರು ಏನೇ ಇರಲಿ, ಆ ದುಡ್ಡು ಊಟದ ಬೆಲೆಯ ಒಂದು ಭಾಗ. ಪಾರ್ಸಲ್ ತೆಗೆದುಕೊಂಡಾಗ ಡಬ್ಬಿಗೆ ಹಾಕುವ ಪ್ಯಾಕಿಂಗ್ ಚಾರ್ಜ್ ಮೇಲೂ 5% ಬೀಳುವುದು ಇದೇ ಕಾರಣಕ್ಕೆ.

ಇಲ್ಲಿ ಒಂದು ಪುಟ್ಟ ಉಪಾಯ ಹೇಳುತ್ತೇನೆ, ಪರೀಕ್ಷೆಗೂ ಬೇಕು, ಗಲ್ಲಾದ ಮುಂದೆ ನಿಂತಾಗಲೂ ಬೇಕು. 5% ಬಿಲ್ ಆದರೆ ಸಿಜಿಎಸ್‌ಟಿ ಮೊತ್ತವನ್ನು 40ರಿಂದ ಗುಣಿಸಿ. ಯಾವ ಮೊತ್ತದ ಮೇಲೆ ತೆರಿಗೆ ಹಾಕಿದ್ದಾರೆ ಎಂಬುದು ತಕ್ಷಣ ಸಿಗುತ್ತದೆ. 44 × 40 = 1,760. ಅಂದರೆ ಸರ್ವಿಸ್ ಚಾರ್ಜ್ ಸೇರಿಸಿಯೇ ತೆರಿಗೆ ಹಾಕಿದ್ದಾರೆ.

ಈಗ ಅದೇ ಬಿಲ್ಲನ್ನು ಬೇರೆ ಕ್ರಮದಲ್ಲಿ ಬರೆಯೋಣ. ಕೆಲವು ಬಿಲ್ಲಿಂಗ್ ಸಾಫ್ಟ್‌ವೇರ್‌ಗಳಲ್ಲಿ ಸೆಟ್ಟಿಂಗ್ ತಪ್ಪಿದರೆ ಹೀಗೆ ಬರುತ್ತದೆ. ಊಟ 1,600, ಅದರ ಮೇಲೆ ಸಿಜಿಎಸ್‌ಟಿ 40, ಎಸ್‌ಜಿಎಸ್‌ಟಿ 40, ಸೇರಿ 1,680. ಆಮೇಲೆ ಅದರ ಮೇಲೆ 10% ಸರ್ವಿಸ್ ಚಾರ್ಜ್ 168. ಒಟ್ಟು ಎಷ್ಟು? ಮತ್ತೆ 1,848!

ಗಿರಾಕಿಯ ಜೇಬಿನಿಂದ ಹೋದದ್ದು ಅಷ್ಟೇ. ಆದರೆ ಸರ್ಕಾರಕ್ಕೆ ಹೋಗುವುದು 88 ಅಲ್ಲ, 80. ಉಳಿದ 8 ರೂಪಾಯಿ ಸರ್ವಿಸ್ ಚಾರ್ಜ್ ಹೆಸರಿನಲ್ಲಿ ಮಾಲೀಕರ ಬಳಿ ಉಳಿಯಿತು. ಕೊನೆಯ ಸಾಲು ನೋಡಿ ಬಿಲ್ ಸರಿಯಾಗಿದೆ ಅನ್ನುವವರು ಇಲ್ಲೇ ಎಡವುತ್ತಾರೆ. ಮೊದಲು ಇದಕ್ಕೆ 10, ಆಮೇಲೆ ಅದಕ್ಕೆ 5 ಅಂತ ಹೆಚ್ಚಿಸಿದರೂ, ತಿರುಗಿಸಿ ಹೆಚ್ಚಿಸಿದರೂ ಗುಣಾಕಾರದಲ್ಲಿ ಉತ್ತರ ಬದಲಾಗುವುದಿಲ್ಲ. ಹಂಚಿಕೆ ಮಾತ್ರ ಬದಲಾಗುತ್ತದೆ. ತೆರಿಗೆಯ ಮೇಲೂ ಸರ್ವಿಸ್ ಚಾರ್ಜ್ ಹಾಕಿದ್ದಾರೆ ಎಂಬುದು ಇನ್ನೊಂದು ತಪ್ಪು. ಒಟ್ಟು ಮೊತ್ತದಿಂದ ಇದು ಗೊತ್ತಾಗುವುದೇ ಇಲ್ಲ, ನಲವತ್ತರ ಗುಣಾಕಾರದಿಂದ ಗೊತ್ತಾಗುತ್ತದೆ: 40 × 40 = 1,600.

ಇನ್ನು ಆ 160 ರೂಪಾಯಿ ಕೊಡಲೇಬೇಕಾ? ಇದು ಬೇರೆ ಕಾನೂನಿನ ಪ್ರಶ್ನೆ. ಎರಡನ್ನೂ ಕಲಸಬೇಡಿ. ಜಿಎಸ್‌ಟಿ ಕಾಯ್ದೆ ಕೇಳುವುದು ಇಷ್ಟೇ: ವಸೂಲಿ ಮಾಡಿದ್ದೀರಾ, ಹಾಗಾದರೆ ತೆರಿಗೆ ಕಟ್ಟಿ. ವಸೂಲಿ ಮಾಡುವ ಹಕ್ಕು ಇದೆಯೇ ಎಂಬುದನ್ನು ನೋಡುವುದು ಗ್ರಾಹಕ ರಕ್ಷಣಾ ಕಾಯ್ದೆ. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದು ಮಾರ್ಗಸೂಚಿ ಹೊರಡಿಸಿತು. ಹೋಟೆಲಿನವರು ತಾವಾಗಿಯೇ ಬಿಲ್ಲಿನಲ್ಲಿ ಸರ್ವಿಸ್ ಚಾರ್ಜ್ ಸೇರಿಸುವಂತಿಲ್ಲ. ಬೇರೆ ಹೆಸರಿಟ್ಟು ಕೂಡ ಸೇರಿಸುವಂತಿಲ್ಲ. ಊಟದ ಬಿಲ್ಲಿಗೆ ಅದನ್ನು ಕೂಡಿಸಿ ಒಟ್ಟು ಮೊತ್ತದ ಮೇಲೆ ಜಿಎಸ್‌ಟಿ ಹಾಕಿ ವಸೂಲಿ ಮಾಡುವಂತಿಲ್ಲ. ಕೊಡುವುದು ಗಿರಾಕಿಯ ಇಷ್ಟ ಎಂದು ಸ್ಪಷ್ಟವಾಗಿ ಹೇಳಬೇಕು. ಹೋಟೆಲ್ ಒಕ್ಕೂಟಗಳು ದೆಹಲಿ ಹೈಕೋರ್ಟಿಗೆ ಹೋದವು, ಅದೇ ತಿಂಗಳು ತಡೆಯಾಜ್ಞೆ ಸಿಕ್ಕಿತು. 2025ರ ಮಾರ್ಚ್ 28ರಂದು ಏಕಸದಸ್ಯ ಪೀಠ ಮಾರ್ಗಸೂಚಿಯನ್ನು ಎತ್ತಿಹಿಡಿದು ಅರ್ಜಿಗಳನ್ನು ವಜಾ ಮಾಡಿತು. ಅದರ ಮೇಲೆ ಮೇಲ್ಮನವಿಯೂ ಹೋಗಿದೆ.

ಹಾಗಾದರೆ ನಮ್ಮ ನಾಲ್ಕು ಜನ ಗಲ್ಲಾಕ್ಕೆ ಹೋಗಿ ‘ಸರ್ವಿಸ್ ಚಾರ್ಜ್ ತೆಗೀರಿ’ ಎಂದರು ಅನ್ನೋಣ. ಅಲ್ಲಿದ್ದವರು ‘ಅದು ಗೌರ್ಮೆಂಟ್ ಟ್ಯಾಕ್ಸ್ ರೀ, ತೆಗಿಯಾಕ ಬರಂಗಿಲ್ಲ’ ಅನ್ನಬಹುದು. ಅದು ಸರಿಯಲ್ಲ. ಹಳೆಯ ಸರ್ವಿಸ್ ಟ್ಯಾಕ್ಸ್ 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂದಾಗಲೇ ಹೋಯಿತು. ಸರ್ವಿಸ್ ಚಾರ್ಜ್ ಯಾವತ್ತೂ ಸರ್ಕಾರದ್ದಲ್ಲ.

ತೆಗೆಯುವಾಗ ಸರಿಯಾಗಿ ತೆಗೆದರೋ ಇಲ್ಲವೋ ನೋಡಬೇಕು. ಪೆನ್ನಿನಿಂದ 160 ಹೊಡೆದು ಹಾಕಿ ‘1,688 ಕೊಡಿ’ ಎಂದರೆ ಅದು ಅರ್ಧ ಕೆಲಸ. ತೆರಿಗೆ ಇನ್ನೂ 44 ಮತ್ತು 44 ಇದೆ. ಸರಿಯಾದ ಬಿಲ್ 1,600 ಜೊತೆಗೆ 40 ಮತ್ತು 40, ಅಂದರೆ 1,680. ಸರ್ವಿಸ್ ಚಾರ್ಜ್ ಹೋದರೆ ಅದರ ಮೇಲಿನ 8 ರೂಪಾಯಿ ತೆರಿಗೆಯೂ ಹೋಗಬೇಕು, ಒಟ್ಟು 168 ಇಳಿಯಬೇಕು. ಹೊಸ ಬಿಲ್ ಪ್ರಿಂಟ್ ಮಾಡಿಸಿಕೊಳ್ಳುವುದೇ ಸರಿ. ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು. ಜಿಲ್ಲಾಧಿಕಾರಿಗೂ ದೂರು ಕೊಡಬಹುದು ಎಂದು ಮಾರ್ಗಸೂಚಿಯಲ್ಲೇ ಇದೆ. ಎರಡಕ್ಕೂ ಬಿಲ್ಲಿನ ಫೋಟೊ ಬೇಕಾಗುತ್ತದೆ.

ಈಗ ಟಿಪ್ಸ್. ಅದೇ ನಾಲ್ಕು ಜನ 1,680 ಕೊಟ್ಟು, ಚೆನ್ನಾಗಿ ಬಡಿಸಿದರು ಅಂತ ಬಡೇಸೋಪಿನ ತಟ್ಟೆಯಲ್ಲಿ 100 ರೂಪಾಯಿ ಇಟ್ಟರು. ಈ ನೂರರ ಮೇಲೆ ಜಿಎಸ್‌ಟಿ ಇಲ್ಲ. ಮಾಲೀಕರು ಅದನ್ನು ಕೇಳಿಲ್ಲ, ಬಿಲ್ಲಿನಲ್ಲಿ ಬರೆದಿಲ್ಲ, ಅದು ಅವರಿಗೆ ಸೇರುವುದೂ ಇಲ್ಲ. ಊಟದ ಬೆಲೆ ಅಷ್ಟೊತ್ತಿಗೆ ತೀರಿಹೋಗಿದೆ. ಹೀಗಾಗಿ ಅದು ರೆಸ್ಟೋರೆಂಟಿನ ಪೂರೈಕೆಗೆ ಕೊಟ್ಟ ಪ್ರತಿಫಲ ಆಗುವುದಿಲ್ಲ.

ಒಬ್ಬ ಗೆಳತಿ ಕೇಳಿದ ಪ್ರಶ್ನೆ ಚೆನ್ನಾಗಿತ್ತು: ಕಾರ್ಡಿನಲ್ಲಿ 1,780 ಎಳೆದರೆ? ಆಗ ನೂರು ರೂಪಾಯಿ ಮೊದಲು ಮಾಲೀಕರ ಬ್ಯಾಂಕ್ ಖಾತೆಗೇ ಹೋಗುತ್ತದಲ್ವಾ? ಹೌದು, ಹೋಗುತ್ತದೆ. ಆದರೂ ಗಿರಾಕಿ ಇಷ್ಟಪಟ್ಟು ಕೊಟ್ಟದ್ದು, ಅದನ್ನು ಪೂರ್ತಿ ವೇಟರ್‌ಗಳಿಗೆ ದಾಟಿಸುತ್ತಾರೆ ಎಂದರೆ ಅದು ಟಿಪ್ಸೇ. ದಾಟಿಸಿದ ಲೆಕ್ಕ ಪುಸ್ತಕದಲ್ಲಿ ಬೇರೆಯಾಗಿ ಕಾಣಬೇಕು. ಮಾಲೀಕರು ಇಟ್ಟುಕೊಂಡರೆ ಅದು ಟಿಪ್ಸ್ ಅಲ್ಲ, ಅವರ ವ್ಯಾಪಾರದ ಆದಾಯ. ನನ್ನ ಮಟ್ಟಿಗೆ ಇಡೀ ವಿಷಯ ಇಲ್ಲೇ ಬಿಚ್ಚಿಕೊಳ್ಳುತ್ತದೆ: ಮೊತ್ತ ತೀರ್ಮಾನ ಮಾಡಿದ್ದು ಯಾರು, ಕೊನೆಗೆ ದುಡ್ಡು ಯಾರದ್ದಾಯಿತು ಎಂದು ಕೇಳಿದರೆ ಸಾಕು.

ಇದೇ ಕಾರ್ಡಿನ ಪ್ರಶ್ನೆ ಆದಾಯ ತೆರಿಗೆಯಲ್ಲಿ ಸುಪ್ರೀಂ ಕೋರ್ಟ್‌ವರೆಗೂ ಹೋಯಿತು. ಹೋಟೆಲ್ ಕಂಪನಿ ಐಟಿಸಿಯ ಪ್ರಕರಣ. ಗಿರಾಕಿಗಳು ಕಾರ್ಡಿನಲ್ಲಿ ಕೊಟ್ಟ ಟಿಪ್ಸನ್ನು ಹೋಟೆಲ್ ನೌಕರರಿಗೆ ಹಂಚುತ್ತಿತ್ತು. ಅದು ಸಂಬಳ, ಟಿಡಿಎಸ್ ಹಿಡಿಯಬೇಕಿತ್ತು ಎಂದು ಇಲಾಖೆ ವಾದ ಮಾಡಿತು. ದೆಹಲಿ ಹೈಕೋರ್ಟ್ ಅದನ್ನು ಒಪ್ಪಿತ್ತು. 2016ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪನ್ನು ತಿರುಗಿಸಿತು. ಟಿಪ್ಸ್ ಬರುವುದು ಗಿರಾಕಿಯಿಂದ, ಧಣಿಯಿಂದ ಅಲ್ಲ. ಕೊಡಿ ಎಂದು ಧಣಿಯನ್ನು ಕೇಳುವ ಹಕ್ಕು ಕೆಲಸದ ಕರಾರಿನಿಂದ ನೌಕರರಿಗೆ ಬರುವುದಿಲ್ಲ. ಹೋಟೆಲ್ ನೌಕರರ ಪರವಾಗಿ ದುಡ್ಡು ಹಿಡಿದುಕೊಂಡಿರುತ್ತದೆ, ಅಷ್ಟೇ. ಆದ್ದರಿಂದ ಅದು ಸಂಬಳ ಅಲ್ಲ, ಹೋಟೆಲ್ ಟಿಡಿಎಸ್ ಹಿಡಿಯಬೇಕಿಲ್ಲ. ಹಾಗಂತ ತೆರಿಗೆಯೇ ಇಲ್ಲ ಎಂದಲ್ಲ. ನೌಕರರ ಕೈಯಲ್ಲಿ ಅದು ‘ಇತರೆ ಮೂಲಗಳ ಆದಾಯ’. ಈ ಕೊನೆಯ ವಾಕ್ಯ ಬರೆಯದೆ ಎಷ್ಟೋ ಉತ್ತರಗಳು ಅರ್ಧಕ್ಕೆ ನಿಲ್ಲುತ್ತವೆ.

ಅಂಕಿಗಳಲ್ಲಿ ನೋಡೋಣ. ನಮ್ಮ ರೆಸ್ಟೋರೆಂಟಿನ ಒಬ್ಬ ವೇಟರ್‌ಗೆ ತಿಂಗಳಿಗೆ 14,000 ಸಂಬಳ, 5,000 ಟಿಪ್ಸ್. ವರ್ಷಕ್ಕೆ ಸಂಬಳ 1,68,000, ಟಿಪ್ಸ್ 60,000. ಆದಾಯ ತೆರಿಗೆಯ ಹೊಸ ಪದ್ಧತಿಯಲ್ಲಿ ಸಂಬಳದಿಂದ 75,000 ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದರೆ 93,000. ಅದಕ್ಕೆ ಟಿಪ್ಸ್ 60,000 ಸೇರಿಸಿದರೆ 1,53,000. ಗಮನಿಸಿ, ಆ 75,000 ಸಂಬಳದಿಂದ ಮಾತ್ರ ಕಳೆಯಬೇಕು, ಟಿಪ್ಸ್‌ನಿಂದ ಅಲ್ಲ. 2025-26ರಲ್ಲಿ ಹೊಸ ಪದ್ಧತಿಯ ಮೊದಲ ನಾಲ್ಕು ಲಕ್ಷಕ್ಕೆ ತೆರಿಗೆಯೇ ಇಲ್ಲ, ಹಾಗಾಗಿ ಇವರು ಏನೂ ಕಟ್ಟಬೇಕಿಲ್ಲ.

ಅದೇ 60,000 ಸರ್ವಿಸ್ ಚಾರ್ಜಿನಿಂದ ಬಂದಿದ್ದರೆ? ಮಾಲೀಕರು ವಸೂಲಿ ಮಾಡಿದ್ದು ಮೊದಲು ಅವರ ವ್ಯಾಪಾರದ ಆದಾಯ. ಅದರ ಮೇಲೆ ಜಿಎಸ್‌ಟಿ ಕಟ್ಟಿದ್ದಾರೆ. ಅದರಿಂದ ಅವರು ನೌಕರರಿಗೆ ಕೊಟ್ಟರೆ ಧಣಿ ಕೊಟ್ಟ ಹಣ, ಸಂಬಳದ ಜೊತೆಗೇ ಲೆಕ್ಕ. ಕೊಡದಿದ್ದರೂ ಗಿರಾಕಿಗೆ ಗೊತ್ತಾಗುವುದಿಲ್ಲ. ತಟ್ಟೆಯಲ್ಲಿ ಇಟ್ಟ ನೂರು ರೂಪಾಯಿ ಬಗ್ಗೆ ನನಗೆ ಜಾಸ್ತಿ ನಂಬಿಕೆ ಇರುವುದು ಇದಕ್ಕೇ.

ನಮ್ಮ ಕಡೆ ಜಾಸ್ತಿ ಇರುವುದು ಖಾನಾವಳಿಗಳು. ಅಲ್ಲಿಯ ಲೆಕ್ಕ ಬೇರೆ. ವರ್ಷದ ವಹಿವಾಟು 20 ಲಕ್ಷದೊಳಗೆ ಇದ್ದರೆ ನೋಂದಣಿಯೇ ಬೇಡ, ಬಿಲ್ಲಿನಲ್ಲಿ ಜಿಎಸ್‌ಟಿ ಇರಬಾರದು. ಒಂದೂವರೆ ಕೋಟಿವರೆಗಿನವರು ಕಾಂಪೊಸಿಷನ್ ಪದ್ಧತಿಗೆ ಸೇರಬಹುದು. ಅವರು 5% ಅನ್ನು ತಮ್ಮ ಕೈಯಿಂದ ಕಟ್ಟುತ್ತಾರೆ, ಗಿರಾಕಿಯಿಂದ ತೆರಿಗೆ ಅಂತ ಪೈಸೆಯೂ ಕೇಳುವಂತಿಲ್ಲ. ಬಿಲ್ಲಿನ ಮೇಲ್ಭಾಗದಲ್ಲಿ ತಾವು ಕಾಂಪೊಸಿಷನ್‌ನವರು, ತೆರಿಗೆ ವಸೂಲಿಗೆ ಅರ್ಹರಲ್ಲ ಎಂದು ಬರೆಯಬೇಕು. ಹಾಗೆ ಬರೆದ ಬಿಲ್ಲಿನಲ್ಲೇ ಕೆಳಗೆ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಸಾಲುಗಳಿದ್ದರೆ ಅದು ತಪ್ಪು. ತೆರಿಗೆ ಹಾಕಿಯೂ 15 ಅಕ್ಷರಗಳ ಜಿಎಸ್‌ಟಿ ಸಂಖ್ಯೆ ಇಲ್ಲದಿದ್ದರೆ ಅದೂ ತಪ್ಪು. ಕರ್ನಾಟಕದ ಸಂಖ್ಯೆ 29ರಿಂದ ಶುರುವಾಗುತ್ತದೆ, ಅಲ್ಲಿಂದಲೇ ನೋಡಲು ಶುರು ಮಾಡಿ.