ಒಂಬತ್ತು ಲಾರಿ ಸಾಕು ಅನ್ನುವ ಲೆಕ್ಕ ಎಲ್ಲಿ ತಪ್ಪುತ್ತದೆ?

ದಿನಕ್ಕೆ 400 ಟನ್ ಸರಕು ಕಳಿಸಬೇಕು. ಒಂದು ಲಾರಿ 16 ಟನ್ ಹೊರುತ್ತದೆ. ಅಂದರೆ 25 ಟ್ರಿಪ್. ಸರಕು ಹಗುರವಾಗಿದ್ದರೆ ತೂಕ ಮುಟ್ಟುವ ಮೊದಲೇ ಲಾರಿ ತುಂಬಿಬಿಡುತ್ತದೆ. ಹಾಗಾಗಿ ನಿಜವಾಗಿ ಎಷ್ಟು ಟನ್ ಹಿಡಿಯುತ್ತದೆ ಅಂತ ಮೊದಲೇ ನೋಡಿಕೊಳ್ಳಿ. ನಮ್ಮ ಸರಕು ಭಾರದ್ದು, 16 ಟನ್ ಸರಿಯಾಗಿ ಹಿಡಿಯುತ್ತದೆ ಅಂದುಕೊಳ್ಳೋಣ.

ಇನ್ನು ಸಮಯ. ಲೋಡಿಂಗ್‌ಗೆ 20 ನಿಮಿಷ, ಹೋಗಲು 80, ಇಳಿಸಲು 30, ಖಾಲಿ ಲಾರಿ ವಾಪಸ್ ಬರಲು 70. ಒಂದು ಸುತ್ತಿಗೆ 200 ನಿಮಿಷ. ಬೆಳಿಗ್ಗೆ 8ರಿಂದ ಸಂಜೆ 6ರವರೆಗೆ 600 ನಿಮಿಷ ಇದೆ. ಒಂದು ಲಾರಿಗೆ 3 ಟ್ರಿಪ್. 25 ಭಾಗಿಸು 3, ಎಂಟೂ ಚಿಲ್ಲರೆ. ಸರಿ, ಒಂಬತ್ತು ಲಾರಿ ಸಾಕು ಅಲ್ವಾ?

ಸಾಕಾಗುವುದಿಲ್ಲ. ಒಂಬತ್ತೂ ಲಾರಿಗೆ 8 ಗಂಟೆಗೇ ಲೋಡಿಂಗ್ ಶುರುವಾಗುತ್ತದೆ ಅಂತ ಈ ಲೆಕ್ಕ ಸುಮ್ನೆ ನಂಬಿಕೊಂಡಿದೆ. ಲೋಡ್ ಮಾಡುವ ಜಾಗ ಒಂದೇ ಇದ್ದರೆ ಎರಡನೇ ಲಾರಿಗೆ ಸರದಿ ಬರುವುದು 8:20ಕ್ಕೆ. ಒಂಬತ್ತನೆಯದಕ್ಕೆ 10:40ಕ್ಕೆ! ಲೋಡಿಂಗ್ ಶುರುವಾದ ಮೇಲೆ ಸರಕು ಇಳಿಸಿ ಮುಗಿಯಲು 130 ನಿಮಿಷ ಬೇಕು. ಆದ್ದರಿಂದ ಕೊನೆಯ ಲೋಡಿಂಗ್ 3:50ರೊಳಗೆ ಶುರುವಾಗಲೇಬೇಕು. ಮೂರನೇ ಲೋಡನ್ನು ಅಷ್ಟರಲ್ಲಿ ಹಿಡಿಯುವುದು ಮೊದಲ ನಾಲ್ಕು ಲಾರಿಗಳು ಮಾತ್ರ. ಉಳಿದ ಐದಕ್ಕೆ ಎರಡೇ ಟ್ರಿಪ್. ಒಟ್ಟು 22.

ಹಾಗಾದರೆ ಲಾರಿ ಜಾಸ್ತಿ ಮಾಡೋಣವೇ? ಹತ್ತನೆಯದು ಬಂದರೆ 24 ಟ್ರಿಪ್ ಆಗುತ್ತದೆ. ಹನ್ನೊಂದನೆಯದು ಬಂದರೂ ಅಷ್ಟೇ, 24. ಯಾಕೆಂದರೆ ಸುತ್ತಿನ 200 ನಿಮಿಷವನ್ನು ಲೋಡಿಂಗ್‌ನ 20ರಿಂದ ಭಾಗಿಸಿದರೆ ಬರುವುದು 10. ಹತ್ತು ಲಾರಿಗೇ ಆ ಜಾಗ ಒಂದು ನಿಮಿಷವೂ ಖಾಲಿ ಇರುವುದಿಲ್ಲ. ಅದಕ್ಕಿಂತ ಜಾಸ್ತಿ ಲಾರಿ ತಂದರೆ ಅವು ಸಾಲಿನಲ್ಲಿ ನಿಲ್ಲುತ್ತವೆ, ಬಾಡಿಗೆ ಮಾತ್ರ ಏರುತ್ತದೆ. ನನ್ನನ್ನು ಕೇಳಿದರೆ, ಲಾರಿ ಎಷ್ಟು ಅನ್ನುವ ಮೊದಲು ಕೇಳಬೇಕಾದದ್ದು ಈ 10.

ಉಳಿದ ಒಂದು ಟ್ರಿಪ್‌ಗೆ ಬೇಕಾದದ್ದು ಲಾರಿಯಲ್ಲ, ಹತ್ತು ನಿಮಿಷ. 7:50ಕ್ಕೇ ಲೋಡಿಂಗ್ ಶುರುಮಾಡಿ. ಆಗ ಐದನೇ ಲಾರಿಯ ಮೂರನೇ ಲೋಡ್ 3:50ಕ್ಕೆ ಶುರುವಾಗಿ, ಸರಿಯಾಗಿ 6ಕ್ಕೆ ಇಳಿದು ಮುಗಿಯುತ್ತದೆ. ಹತ್ತು ಲಾರಿಯಲ್ಲಿ 25 ಟ್ರಿಪ್.

ಆದರೆ ಇದು ಉಸಿರು ಬಿಗಿಹಿಡಿದ ಲೆಕ್ಕ. ಲೋಡಿಂಗ್ 20ರ ಬದಲು 22 ನಿಮಿಷ ಹಿಡಿದರೆ 25 ಹೋಗಿ 22 ಆಗುತ್ತದೆ, 48 ಟನ್ ಗೋದಾಮಿನಲ್ಲೇ ಉಳಿಯುತ್ತದೆ. ಎರಡನೇ ಸುತ್ತಿಗೆ ಬಂದ ಲಾರಿ ಗೇಟಿನೊಳಗೆ ಬಂದ ಸಮಯ, ಅದರ ಲೋಡಿಂಗ್ ಶುರುವಾದ ಸಮಯ, ಎರಡನ್ನೂ ಬರೆದಿಡಿ. ನಡುವೆ ಕಾಲು ಗಂಟೆಗೂ ಮೀರಿ ಕಾಯುವುದು ಕಂಡರೆ ಲಾರಿಯವರಿಗೆ ಫೋನ್ ಮಾಡಬೇಡಿ. ಲೋಡಿಂಗ್ ಜಾಗದಲ್ಲಿ ಗಡಿಯಾರ ಹಿಡಿದು ನಿಲ್ಲಿ.