ಚುಕ್ಕೆ, ಕಾಮಾ ಮತ್ತು ಎರಡು ಸಾವಿರ ಪಂಪುಗಳು

ಪೀಣ್ಯದ ಒಂದು ಕಾರ್ಖಾನೆಗೆ ಜರ್ಮನಿಯಿಂದ ಒಂದು ಪೆಟ್ಟಿಗೆ ಬಂತು. ಅದರೊಳಗೆ ಇದ್ದದ್ದು ಎರಡು ಹೈಡ್ರಾಲಿಕ್ ಪಂಪು ಮತ್ತು ನಲವತ್ತೆಂಟು ಸೀಲು. ಉಗ್ರಾಣದವರು ಎಣಿಸಿ ಕಪಾಟಿಗೆ ಸೇರಿಸಿದರು. ಬ್ಯಾಂಕಿನ ಮೂಲಕ ಹಣವೂ ಹೋಯಿತು, ಒಂದು ಸೆಂಟ್ ಕೂಡ ಹೆಚ್ಚುಕಡಿಮೆ ಆಗಲಿಲ್ಲ. ಆದರೆ ವರ್ಷದ ಕೊನೆಗೆ ದಾಸ್ತಾನು ತಾಳೆ ನೋಡುವಾಗ ಲೆಕ್ಕದ ಪುಸ್ತಕದಲ್ಲಿ ಎರಡು ಸಾವಿರ ಪಂಪುಗಳು ಬಂದದ್ದಾಗಿ ಕಾಣಿಸಿತು. 1,998 ಪಂಪುಗಳು ಎಲ್ಲಿ ಹೋದವು ಎಂದು ಹುಡುಕಲು ಕೂತವರಲ್ಲಿ ನಾನೂ ಒಬ್ಬ. ಮೂಲ ಇನ್‌ವಾಯ್ಸ್ ತೆಗೆಸಿ ನೋಡಿದಾಗ ಅದರಲ್ಲಿ ಹೀಗಿತ್ತು:

```
Pos  Menge       Einzelpreis     Betrag
10    2,000 ST      1.250,00   2.500,00
20   48,000 ST         7,385     354,48
Summe EUR                      2.854,48
```

ಜರ್ಮನಿಯಲ್ಲಿ ದಶಮಾಂಶಕ್ಕೆ ಕಾಮಾ, ಸಾವಿರ ಬಿಡಿಸಲು ಚುಕ್ಕೆ. ಹಾಗಾಗಿ ಮೊದಲ ಸಾಲಿನ ಅರ್ಥ ಇಷ್ಟೇ: ಎರಡು ಪಂಪು, ಒಂದಕ್ಕೆ ಸಾವಿರದ ಇನ್ನೂರ ಐವತ್ತು ಯೂರೋ. ಸಾಮಾನನ್ನು ಕಿಲೋ, ಲೀಟರಿನಲ್ಲೂ ಮಾರುವುದರಿಂದ ಅಲ್ಲಿನ ತಂತ್ರಾಂಶಗಳು ಪ್ರಮಾಣದ ಕಾಲಮ್ಮಿಗೆ ಮೂರು ದಶಮಾಂಶ ಸ್ಥಾನ ಕೊಡುತ್ತವೆ. ಬಿಡಿ ಲೆಕ್ಕದ ಪಂಪಿಗೂ ಅದೇ ಅಚ್ಚು. ಅದರಿಂದಲೇ ಎರಡು ಎನ್ನುವುದು `2,000` ಆಯಿತು.

ಈ ಗೋಜಲು ನಿನ್ನೆ ಮೊನ್ನೆಯದಲ್ಲ. 1585ರಲ್ಲಿ ಸೈಮನ್ ಸ್ಟೆವಿನ್ ಯುರೋಪಿಗೆ ದಶಮಾಂಶ ಲೆಕ್ಕವನ್ನು ಪರಿಚಯ ಮಾಡಿಕೊಟ್ಟಾಗ ಚುಕ್ಕೆಯೂ ಇರಲಿಲ್ಲ, ಕಾಮಾವೂ ಇರಲಿಲ್ಲ. ಪ್ರತಿ ಸ್ಥಾನದ ಪಕ್ಕ ಪುಟ್ಟ ವೃತ್ತದಲ್ಲಿ ಅದರ ಸಂಖ್ಯೆ ಬರೆಯುತ್ತಿದ್ದ. 1617ರಲ್ಲಿ ಜಾನ್ ನೇಪಿಯರ್ ಚುಕ್ಕೆಯಾದರೂ ಸರಿ, ಕಾಮಾ ಆದರೂ ಸರಿ ಎಂದ. ಗುಣಾಕಾರಕ್ಕೆ × ಹಾಕಿದರೆ ಅದು x ಅಕ್ಷರದಂತೆ ಕಾಣುತ್ತದೆಂದು ಲೈಬ್ನಿಟ್ಸ್ ಆ ಕೆಲಸಕ್ಕೆ ಚುಕ್ಕೆಯನ್ನು ಹಿಡಿದುಕೊಂಡ. ಯುರೋಪಿನ ಬಹುಭಾಗ ಕಾಮಾದತ್ತ ವಾಲಿತು, ಬ್ರಿಟನ್ ಚುಕ್ಕೆಯಲ್ಲೇ ಉಳಿಯಿತು. ಬ್ರಿಟನ್ನಿನ ಆಳ್ವಿಕೆಯಲ್ಲಿದ್ದ ನಾವೂ ಚುಕ್ಕೆಯವರಾದೆವು. ಆದರೂ ನಮ್ಮ ಅಂಗಡಿ ಲೆಕ್ಕದಲ್ಲಿ ರೂಪಾಯಿ, ಆಣೆ, ಪೈಗಳ ಆಳ್ವಿಕೆ ಮುಗಿದು ಚುಕ್ಕೆ ನೆಲೆಯೂರಿದ್ದು 1957ರ ಏಪ್ರಿಲ್ 1ರಂದು ನಯಾಪೈಸೆ ಬಂದ ಮೇಲೆಯೇ.

ಅಂತರರಾಷ್ಟ್ರೀಯ ಮಟ್ಟದಲ್ಲಿ ಈ ಜಗಳ ತೀರ್ಮಾನವಾಗಬಹುದಾಗಿದ್ದ ಎರಡು ಸಂದರ್ಭಗಳಿದ್ದವು. 1948ರಲ್ಲಿ ತೂಕ ಮತ್ತು ಅಳತೆಗಳ ಮಹಾಸಮ್ಮೇಳನ ಸಾವಿರದ ಗುಂಪುಗಳ ನಡುವೆ ಚುಕ್ಕೆಯೂ ಬೇಡ, ಕಾಮಾವೂ ಬೇಡ, ಖಾಲಿ ಜಾಗ ಬಿಟ್ಟರೆ ಸಾಕು ಎಂದಿತು. ಇದು ಒಳ್ಳೆಯ ಮಾತು. ಗುಂಪು ಬಿಡಿಸುವ ಚಿಹ್ನೆಯೇ ಇಲ್ಲದಿದ್ದರೆ ಸಂಖ್ಯೆಯಲ್ಲಿ ಕಾಣುವ ಒಂದೇ ಒಂದು ಚಿಹ್ನೆ, ಅದು ಯಾವುದೇ ಆಗಿರಲಿ, ದಶಮಾಂಶದ್ದೇ. 2003ರ ಸಮ್ಮೇಳನ ಅದನ್ನೇ ಮತ್ತೆ ಹೇಳಿ, ದಶಮಾಂಶಕ್ಕೆ ಎರಡರಲ್ಲಿ ಯಾವುದಾದರೂ ಸರಿ ಎಂದು ಬಿಟ್ಟಿತು. ಪ್ರಯೋಗಾಲಯಗಳು ಪಾಲಿಸಿದವು. ಬಿಲ್ ಬರೆಯುವವರ ಕಿವಿಗೆ ಅದು ಬೀಳಲೇ ಇಲ್ಲ.

ಕಾಗದದ ಕಾಲದಲ್ಲಿ ಇದರಿಂದ ಅಂಥ ತೊಂದರೆಯೇನೂ ಆಗುತ್ತಿರಲಿಲ್ಲ ಎನ್ನಬೇಕು. ಓದುವವನು ಮನುಷ್ಯ, ಪಂಪಿಗೆ ಒಂದೂಕಾಲು ಯೂರೋ ಎಂದರೆ ಅವನಿಗೆ ನಗು ಬರುತ್ತಿತ್ತು. ತೊಡಕು ಶುರುವಾದದ್ದು ಅಂಕಿಗಳು ಗಣಕಯಂತ್ರದಿಂದ ಗಣಕಯಂತ್ರಕ್ಕೆ ಹರಿಯತೊಡಗಿದಾಗ. ಬೆಂಗಳೂರಿನಲ್ಲಿ ಕೂತು ಯುರೋಪಿನ ಕಂಪನಿಗಳ ಬಿಲ್ ತುಂಬಿಸುವ ಕೆಲಸ ಮಾಡಿದವರಿಗೆ ಈ ಘಟ್ಟ ಚೆನ್ನಾಗಿ ಗೊತ್ತು. ಸ್ಯಾಪ್ ಎಂಬ ಲೆಕ್ಕದ ತಂತ್ರಾಂಶದಲ್ಲಿ ಪ್ರತಿ ಬಳಕೆದಾರನ ಖಾತೆಗೂ ಸಂಖ್ಯೆಯ ಅಚ್ಚು ಬೇರೆ. `SU3` ಎಂದು ಒತ್ತಿ ನೋಡಿದರೆ `1.234.567,89` ಬೇಕೇ, `1,234,567.89` ಬೇಕೇ ಎಂದು ಕೇಳುತ್ತದೆ. ಹೊಸದಾಗಿ ಸೇರಿದವರ ಖಾತೆಯನ್ನು ಜರ್ಮನಿಯ ಯಾರದೋ ಖಾತೆಯಿಂದ ನಕಲು ಮಾಡಿ ತೆರೆದಿದ್ದರೆ, ಪಕ್ಕಪಕ್ಕದ ಮೇಜಿನ ಇಬ್ಬರಿಗೆ ಒಂದೇ ಮೊತ್ತ ಎರಡು ರೂಪದಲ್ಲಿ ಕಾಣುತ್ತಿತ್ತು.

ಇಲ್ಲಿ ಹೊರಗಿನವರಿಗೆ ತಿಳಿಯದ ಇನ್ನೊಂದು ಸಂಗತಿಯಿದೆ. ಇನ್‌ವಾಯ್ಸ್ ಮುದ್ರಿಸುವ ನಮೂನೆಯಲ್ಲಿ ಅಚ್ಚನ್ನು ಗ್ರಾಹಕನ ದೇಶಕ್ಕೆ ಕಟ್ಟಿಹಾಕಬಹುದು. ಕಟ್ಟದಿದ್ದರೆ ಮುದ್ರಣಕ್ಕೆ ಆಜ್ಞೆ ಕೊಟ್ಟ ಬಳಕೆದಾರನ ಅಚ್ಚೇ ಕಾಗದಕ್ಕೆ ಇಳಿಯುತ್ತದೆ. ಹೀಗಾಗಿ ಒಬ್ಬನೇ ಪೂರೈಕೆದಾರ ಮಾರ್ಚ್‌ನಲ್ಲಿ `1.250,00` ಎಂದೂ ಜೂನ್‌ನಲ್ಲಿ `1,250.00` ಎಂದೂ ಕಳಿಸುವುದುಂಟು. ‘ಜರ್ಮನಿಯ ಬಿಲ್ಲುಗಳಿಗೆಲ್ಲ ಕಾಮಾ’ ಎಂದು ನಿಯಮ ಹಾಕಿಕೊಂಡವರು ಜೂನ್‌ನಲ್ಲಿ ಮುಗ್ಗರಿಸುತ್ತಾರೆ. ಜರ್ಮನ್ ಭಾಷೆಯಲ್ಲೇ ಬಿಲ್ ಬರೆದರೂ ಸ್ವಿಟ್ಜರ್‌ಲೆಂಡಿನವರು ಹಣಕ್ಕೆ ಚುಕ್ಕೆಯನ್ನೇ ಬಳಸಿ, ಸಾವಿರಕ್ಕೆ `1'250.00` ಎಂದು ಮೇಲುಕೊಕ್ಕೆ ಹಾಕುತ್ತಾರೆ. ನೋಡಬೇಕಾದದ್ದು ದೇಶವನ್ನಲ್ಲ, ಕೈಯಲ್ಲಿರುವ ಆ ಹಾಳೆಯನ್ನು.

ಆಮೇಲೆ ಸ್ಕ್ಯಾನ್ ಮಾಡಿ ಓದಿಸುವ ಕಾಲ ಬಂತು. ಯಂತ್ರ ಅಕ್ಷರಗಳನ್ನು ಸರಿಯಾಗಿಯೇ ಗುರುತಿಸುತ್ತದೆ. ಎಡವುವುದು ಅಕ್ಷರವನ್ನು ಸಂಖ್ಯೆ ಮಾಡುವ ಹಂತದಲ್ಲಿ. ನಮ್ಮಲ್ಲಿ ಕಾಮಾ ಎಂದರೆ ಕಣ್ಣಿಗೆ ಅನುಕೂಲ, ಲೆಕ್ಕಕ್ಕೆ ಬೇಡದ್ದು. ಹಾಗಾಗಿ ಈ ಬಗೆಯ ಸಾಲನ್ನು ಎಷ್ಟೋ ಕಡೆ ನೋಡಿದ್ದೇನೆ:

```
amount = float(text.replace(",", ""))
```

ಕಾಮಾ ಅಳಿಸು, ಉಳಿದದ್ದನ್ನು ಸಂಖ್ಯೆ ಮಾಡು ಎಂದು ಇದರರ್ಥ. ಮೇಲಿನ ಇನ್‌ವಾಯ್ಸನ್ನು ಇದಕ್ಕೆ ಕೊಟ್ಟರೆ `2.500,00` ಎರಡೂವರೆ ಆಗುತ್ತದೆ, `354,48` ಮೂವತ್ತೈದು ಸಾವಿರದ ನಾನೂರ ನಲವತ್ತೆಂಟಾಗುತ್ತದೆ. ಒಂದು ಸಾವಿರ ಪಾಲು ಕುಗ್ಗಿತು, ಇನ್ನೊಂದು ನೂರು ಪಟ್ಟು ಹಿಗ್ಗಿತು. ಎಲ್ಲ ಸಾಲೂ ಒಂದೇ ಪ್ರಮಾಣದಲ್ಲಿ ತಪ್ಪಿದ್ದರೆ ಹಿಡಿಯುವುದು ಸುಲಭವಿತ್ತು. ಎಕ್ಸೆಲ್‌ನ ನಡತೆ ಇನ್ನೊಂದು ಬಗೆ. ನಮ್ಮ ಅಚ್ಚಿನ ಎಕ್ಸೆಲ್‌ಗೆ `2.500,00` ಅಂಟಿಸಿದರೆ ಅದು ಸಂಖ್ಯೆಯೇ ಅಲ್ಲವೆಂದು ಅಕ್ಷರವಾಗಿ ಎಡಕ್ಕೆ ನಿಲ್ಲುತ್ತದೆ, ಮೊತ್ತ ಕೂಡುವಾಗ ಸದ್ದಿಲ್ಲದೆ ಬಿಟ್ಟುಹೋಗುತ್ತದೆ. ಕಾಲಮ್ಮಿನಲ್ಲಿ ಕೆಲವು ಅಂಕಿ ಎಡಕ್ಕೆ, ಕೆಲವು ಬಲಕ್ಕೆ ನಿಂತಿದ್ದರೆ ಅಲ್ಲೇ ಕೈ ತಡೆಯಬೇಕು. ಯಾವ ಚಿಹ್ನೆ ಏನೆಂದು ಬಾಯಿಬಿಟ್ಟು ಹೇಳುವ ಸೂತ್ರ ಎಕ್ಸೆಲ್‌ನಲ್ಲಿ 2013ರಿಂದಲೇ ಇದೆ:

```
=NUMBERVALUE(A2, ",", ".")
```

ಊಹಿಸುವ ನಿಯಮಗಳು ಒಂದು ಹಂತದವರೆಗೆ ನಡೆಯುತ್ತವೆ. ಸಂಖ್ಯೆಯಲ್ಲಿ ಎರಡೂ ಚಿಹ್ನೆಗಳಿದ್ದರೆ ಕೊನೆಯದು ದಶಮಾಂಶದ್ದು. ಒಂದೇ ಚಿಹ್ನೆ ಎರಡು ಸಲ ಬಂದಿದ್ದರೆ ಅದು ಸಾವಿರದ್ದು. ಆದರೆ ಒಂದೇ ಚಿಹ್ನೆ, ಅದರ ಮುಂದೆ ಸರಿಯಾಗಿ ಮೂರು ಅಂಕಿ ಇದ್ದರೆ, ಉದಾಹರಣೆಗೆ `7,385` ಇದ್ದರೆ, ಆ ಸಂಖ್ಯೆಯನ್ನು ಎಷ್ಟು ಹೊತ್ತು ದಿಟ್ಟಿಸಿದರೂ ಉತ್ತರ ಸಿಗುವುದಿಲ್ಲ. ಉತ್ತರ ಪಕ್ಕದ ಕಾಲಮ್ಮಿನಲ್ಲೋ ಖರೀದಿ ಆದೇಶದಲ್ಲೋ ಇರುತ್ತದೆ. ಕುವೈತ್ ದಿನಾರಿಗೆ ಮೂರು ದಶಮಾಂಶ ಸ್ಥಾನ ಇರುವುದರಿಂದ ಅಲ್ಲಿನ ಬಿಲ್ಲಿನಲ್ಲಿ `1.250` ಎಂದರೆ ಒಂದೂಕಾಲು ದಿನಾರ್, ಸಾವಿರದ ಮಾತೇ ಇಲ್ಲ.

ಪೀಣ್ಯದ ಪ್ರಕರಣದಲ್ಲಿ ಪ್ರಮಾಣವನ್ನು ದರದಿಂದ ಗುಣಿಸಿ ಮೊತ್ತಕ್ಕೆ ತಾಳೆ ನೋಡುವ ಪರೀಕ್ಷೆಯೂ ಕೈಕೊಟ್ಟಿತ್ತು, ಅದೇ ಇದರ ಸ್ವಾರಸ್ಯ. ನಮೂದಿಸಿದ ಹುಡುಗ ಮೊತ್ತವನ್ನು ಸರಿಯಾಗಿಯೇ ಓದಿದ್ದ. ಎರಡೂವರೆ ಸಾವಿರ ಯೂರೋ ಎಂದು ಪೂರೈಕೆದಾರರ ಮೇಲ್ ಬಂದಿತ್ತು. ಪ್ರಮಾಣವನ್ನು ಎರಡು ಸಾವಿರ ಎಂದು ತುಂಬಿಸಿದ. ಪ್ರಮಾಣ ಮತ್ತು ಮೊತ್ತ ಕೊಟ್ಟರೆ ದರವನ್ನು ತಂತ್ರಾಂಶವೇ ಭಾಗಿಸಿ ತೋರಿಸುತ್ತದೆ. ಅದು 1.25 ಎಂದಿತು. ಕಾಗದದಲ್ಲಿ `1.250,00` ಇತ್ತು. ಚುಕ್ಕೆಯವರ ಕಣ್ಣಿಗೆ ಎರಡೂ ಒಂದೇ. ಪ್ರಮಾಣ ಸಾವಿರ ಪಟ್ಟು ಏರಿತು, ದರ ಸಾವಿರ ಪಾಲು ಇಳಿಯಿತು, ಮೊತ್ತ ಇದ್ದಲ್ಲೇ ಇತ್ತು. ಬ್ಯಾಂಕ್ ತಪ್ಪು ಹಿಡಿಯುವ ಪ್ರಶ್ನೆಯೇ ಬರಲಿಲ್ಲ. ಎರಡನೆಯ ಸಾಲು ಮಾತ್ರ ಸುಳಿವು ಕೊಟ್ಟಿತ್ತು: 354.48ನ್ನು ನಲವತ್ತೆಂಟು ಸಾವಿರದಿಂದ ಭಾಗಿಸಿ ತಂತ್ರಾಂಶ ದರವನ್ನು 0.01 ಎಂದು ತೋರಿಸಿತ್ತು. ಒಂದು ಸೆಂಟಿಗೆ ಹೈಡ್ರಾಲಿಕ್ ಸೀಲ್ ಯಾವ ಊರಿನಲ್ಲೂ ಸಿಗುವುದಿಲ್ಲ. ಆದರೆ ದರದ ಕಾಲಮ್ಮನ್ನು ನೋಡುವುದು ಯಾರ ಕೆಲಸವೂ ಆಗಿರಲಿಲ್ಲ.

ಕಸ್ಟಮ್ಸ್ ಏಜೆಂಟ್ ಬಚಾವಾದ. ಪ್ಯಾಕಿಂಗ್ ಪಟ್ಟಿಯಲ್ಲಿ ಒಟ್ಟು ತೂಕ ನಲವತ್ತು ಕಿಲೋ ಎಂದಿತ್ತು, ಎರಡು ಸಾವಿರ ಪಂಪು ನಲವತ್ತು ಕಿಲೋ ತೂಗುವುದಿಲ್ಲವೆಂದು ಅವನು ಕಸ್ಟಮ್ಸ್‌ಗೆ ಸಲ್ಲಿಸುವ ಆಮದು ಘೋಷಣೆಯಾದ ಬಿಲ್ ಆಫ್ ಎಂಟ್ರಿಯಲ್ಲಿ ಎರಡೇ ಎಂದು ಬರೆದಿದ್ದ. ಅದನ್ನು ಲೆಕ್ಕದ ವಿಭಾಗಕ್ಕೆ ಹೇಳಬೇಕೆಂದು ಅವನಿಗೆ ಹೊಳೆಯಲಿಲ್ಲ. ಒಂದು ವೇಳೆ ಎರಡು ಸಾವಿರವೆಂದೇ ಸಲ್ಲಿಸಿದ್ದರೂ ಮೌಲ್ಯ ಅಷ್ಟೇ ಆದ್ದರಿಂದ ಸುಂಕದ ಮೊತ್ತ ಬದಲಾಗುತ್ತಿರಲಿಲ್ಲ. ಆದರೆ ಪಂಪಿಗೆ ಒಂದೂಕಾಲು ಯೂರೋ ಎಂಬುದನ್ನು ಕಂಡ ಅಧಿಕಾರಿ ಸುಮ್ಮನಿರುತ್ತಿರಲಿಲ್ಲ. ಸರಕು ಬಿಡುಗಡೆಯಾದ ಮೇಲೆ ಇಂಥದ್ದನ್ನು ತಿದ್ದಿಸಲು ಕಸ್ಟಮ್ಸ್ ಕಾಯ್ದೆಯ 149ನೇ ಕಲಮಿನಡಿ ಅರ್ಜಿ ಹಾಕಬೇಕು, ಬಿಡುಗಡೆಯ ಹೊತ್ತಿಗೇ ಅಸ್ತಿತ್ವದಲ್ಲಿದ್ದ ದಾಖಲೆಯನ್ನೇ ಆಧಾರವಾಗಿ ತೋರಿಸಬೇಕು. ಆಮೇಲೆ ತರಿಸಿಕೊಂಡ ಸ್ಪಷ್ಟೀಕರಣದ ಪತ್ರ ನಡೆಯುವುದಿಲ್ಲ.

ನಿಜವಾದ ನಷ್ಟ ಆದದ್ದು ಬೇರೆಡೆ. ಆ ಎರಡರಲ್ಲಿ ಒಂದು ಪಂಪನ್ನು ಗ್ರಾಹಕರೊಬ್ಬರ ಯಂತ್ರಕ್ಕೆ ಕೂರಿಸಿದ್ದರು. ಲಕ್ಷ ರೂಪಾಯಿ ದಾಟುವ ಪಂಪು ಆ ಕೆಲಸದ ಖರ್ಚಿಗೆ ನೂರ ಚಿಲ್ಲರೆ ರೂಪಾಯಿಯಾಗಿ ಬಿದ್ದಿತ್ತು. ಅದೇ ಖರ್ಚಿನ ಹಾಳೆ ಹಿಡಿದು ಮುಂದಿನ ಯಂತ್ರಕ್ಕೆ ದರ ಕೋಟ್ ಮಾಡಿಯಾಗಿತ್ತು.

ಯಂತ್ರದಿಂದ ಯಂತ್ರಕ್ಕೆ ಹೋಗುವ ಸಂದೇಶಗಳಲ್ಲಿ ಈ ಗೊಂದಲ ಬಹುಮಟ್ಟಿಗೆ ಇಲ್ಲ; ಅಲ್ಲಿ ಚಿಹ್ನೆಯನ್ನು ಮೊದಲೇ ಗೊತ್ತುಮಾಡಿರುತ್ತಾರೆ. ಬ್ಯಾಂಕುಗಳ ನಡುವಿನ ಸಂದೇಶ ಜಾಲವಾದ ಸ್ವಿಫ್ಟ್‌ನ ಹಳೆಯ ಪಾವತಿ ಸಂದೇಶದಲ್ಲಿ ಕಾಮಾ ಕಡ್ಡಾಯ, ಆ ಪ್ರತಿಯಲ್ಲಿ ನಮ್ಮ ಮೊತ್ತ `EUR2854,48` ಎಂದೇ ಕಾಣುತ್ತದೆ. ಅದರ ಜಾಗಕ್ಕೆ ಬಂದಿರುವ ಐಎಸ್‌ಒ 20022 ಸಂದೇಶದಲ್ಲಿ ಚುಕ್ಕೆ. ಎರಡರಲ್ಲೂ ಸಾವಿರಕ್ಕೆ ಯಾವ ಚಿಹ್ನೆಯೂ ಇಲ್ಲ. ಜರ್ಮನಿಯಲ್ಲಿ ದೇಶದೊಳಗಿನ ವ್ಯಾಪಾರಕ್ಕೆ ಇ-ಇನ್‌ವಾಯ್ಸ್ ಸ್ವೀಕರಿಸುವುದು 2025ರ ಜನವರಿ 1ರಿಂದ ಕಡ್ಡಾಯವಾಗಿದೆ. ನಮ್ಮಂಥ ಹೊರಗಿನ ಗ್ರಾಹಕರಿಗೆ ಆ ನಿಯಮ ಅನ್ವಯಿಸದಿದ್ದರೂ, ಕೆಲವು ಪೂರೈಕೆದಾರರು ಎಲ್ಲರಿಗೂ ಅದೇ ನಮೂನೆಯ ಪಿಡಿಎಫ್ ಕಳಿಸುತ್ತಾರೆ. ನೋಡಲು ಮಾಮೂಲಿ ಬಿಲ್, ಒಳಗೆ ಲಗತ್ತಾಗಿ `factur-x.xml` ಎಂಬ ಕಡತ. ಪೀಣ್ಯದವರ ಆ ವರ್ಷದ ಇನ್‌ವಾಯ್ಸುಗಳಲ್ಲೂ ಅದು ಇತ್ತು. ಪಿಡಿಎಫ್‌ನ ಪಕ್ಕದಲ್ಲಿ ಕಾಣುವ ಪಿನ್ನಿನ ಗುರುತನ್ನು ಒತ್ತಿ ತೆರೆದೆವು. ಹಾಳೆಯ ಮೇಲೆ `2,000` ಎಂದಿದ್ದ ಸಾಲು ಒಳಗೆ ಹೀಗಿತ್ತು:

```
<ram:BilledQuantity unitCode="H87">2</ram:BilledQuantity>
```

ಅವರು ಆ ಪಿಡಿಎಫ್ ಅನ್ನು ಮುದ್ರಿಸಿಕೊಂಡು, ಮುದ್ರಿಸಿದ್ದನ್ನು ಸ್ಕ್ಯಾನ್ ಮಾಡಿ, ಸ್ಕ್ಯಾನ್ ಮಾಡಿದ್ದನ್ನು ನೋಡಿ ಟೈಪ್ ಮಾಡಿದ್ದರು.