ಸುತ್ತು ದಾರಿಯ ಲೆಕ್ಕವನ್ನು ಹತ್ತನೇ ತರಗತಿಗೆ ಹೇಳುವುದು ಹೇಗೆ?

ನಮ್ಮ ಕರಾವಳಿಯ ಹೈಸ್ಕೂಲುಗಳಲ್ಲಿ ಹತ್ತನೇ ತರಗತಿಯ ಮಕ್ಕಳ ಜೊತೆ ಮಾತಾಡಲು ಹಳೆ ವಿದ್ಯಾರ್ಥಿಗಳನ್ನು ಕರೆಯುತ್ತಾರೆ. ಒಂದೇ ಉಸಿರಿಗೆ ಪಿಯುಸಿ, ಬಿಇ ಮುಗಿಸಿದವರಿಗಿಂತ ಸುತ್ತಿ ಬಳಸಿ ಬಂದವರು ಇಲ್ಲಿ ಹೆಚ್ಚು ಉಪಯೋಗಕ್ಕೆ ಬರುತ್ತಾರೆ, ಏಕೆಂದರೆ ಯಾವ ಬಾಗಿಲು ತೆರೆದಿರುತ್ತದೆ, ಯಾವುದು ಮುಚ್ಚಿರುತ್ತದೆ ಎಂದು ಅವರು ಹೋಗಿ ನೋಡಿಕೊಂಡು ಬಂದಿರುತ್ತಾರೆ. ಆದರೆ ಬಹಳ ಸಲ ಆ ದಾರಿಯನ್ನು "ಬಿದ್ದೆ, ಎದ್ದೆ, ಈಗ ಇಲ್ಲಿದ್ದೇನೆ" ಎಂದು ಹೇಳಿ ಮುಗಿಸಿಬಿಡುತ್ತಾರೆ. ಮಕ್ಕಳು ಚಪ್ಪಾಳೆ ತಟ್ಟುತ್ತಾರೆ, ಫಲಿತಾಂಶ ಬಂದಾಗ ಯಾವ ಅರ್ಜಿ ಹಾಕಬೇಕೆಂದು ಮಾತ್ರ ಯಾರಿಗೂ ಗೊತ್ತಿರುವುದಿಲ್ಲ.

ನಮ್ಮಲ್ಲಿ ಆಗಾಗ ಕಾಣುವಂಥ ಒಂದು ದಾರಿಯನ್ನೇ ತೆಗೆದುಕೊಳ್ಳೋಣ. ಕುಂದಾಪುರ ಕಡೆಯ ಕನ್ನಡ ಮಾಧ್ಯಮ ಹೈಸ್ಕೂಲಿನಲ್ಲಿ ಓದಿದವನು ಈಗ ಎಲೆಕ್ಟ್ರಿಕಲ್ ಇಂಜಿನಿಯರ್. ಎಸ್ಸೆಸ್ಸೆಲ್ಸಿ ಆದ ಮೇಲೆ ಪಿಯುಸಿ ವಿಜ್ಞಾನಕ್ಕೆ ಸೇರಿದ, ದ್ವಿತೀಯ ಪಿಯುಸಿಯಲ್ಲಿ ಗಣಿತ, ಭೌತಶಾಸ್ತ್ರ ಹೋಯಿತು. ಆಮೇಲೆ 2 ವರ್ಷದ ಐಟಿಐ ಎಲೆಕ್ಟ್ರಿಷಿಯನ್. ಮಂಗಳೂರಿನ ಬೈಕಂಪಾಡಿ ಕೈಗಾರಿಕಾ ಪ್ರದೇಶದಲ್ಲಿ 1 ವರ್ಷ ಕೆಲಸ. ಅಲ್ಲಿಂದ ಪಾಲಿಟೆಕ್ನಿಕ್‌ನ ಎರಡನೇ ವರ್ಷಕ್ಕೆ ನೇರ ಪ್ರವೇಶ, 2 ವರ್ಷದಲ್ಲಿ ಡಿಪ್ಲೊಮಾ. ನಂತರ ಡಿಪ್ಲೊಮಾ ಮುಗಿಸಿದವರ ಪ್ರವೇಶ ಪರೀಕ್ಷೆಯಾದ ಡಿಸಿಇಟಿ ಬರೆದು ಬಿಇ ಎರಡನೇ ವರ್ಷಕ್ಕೆ ಸೇರಿ 3 ವರ್ಷ. ಒಟ್ಟು 10 ವರ್ಷ.

ಈ ದಾರಿಯನ್ನು ಬಾಯಲ್ಲಿ ಹೇಳದೆ ಬೋರ್ಡಿನ ಮೇಲೆ ಅಡ್ಡಗೆರೆಯಾಗಿ ಎಳೆಯಬೇಕು. ಒಂದು ವರ್ಷಕ್ಕೆ ಒಂದು ಗೇಣು ಸಾಕು. ಅದರ ಕೆಳಗೆ ಇನ್ನೂ ಮೂರು ಗೆರೆ ಎಳೆಯಿರಿ. ಮೊದಲನೆಯದು ಪಿಯುಸಿ 2, ಬಿಇ 4, ಒಟ್ಟು 6 ವರ್ಷ. ಎರಡನೆಯದು ಹತ್ತನೇ ತರಗತಿಯಿಂದ ನೇರ ಡಿಪ್ಲೊಮಾ 3, ಬಿಇ 3, ಅದೂ 6 ವರ್ಷ. ಮೂರನೆಯದು ಐಟಿಐ 2, ಡಿಪ್ಲೊಮಾ 2, ಬಿಇ 3, ಒಟ್ಟು 7 ವರ್ಷ. ಡಿಪ್ಲೊಮಾಕ್ಕೆ ಹೋದವನು ಬಿಇ ಮುಗಿಸುವ ಹೊತ್ತಿಗೆ ಪಿಯುಸಿಯವನಿಗಿಂತ ಹಿಂದೆ ಬೀಳುವುದಿಲ್ಲ, ಐಟಿಐಯಿಂದ ಹೋದವನು ಒಂದೇ ವರ್ಷ ಹಿಂದೆ. ಪಾಲಿಟೆಕ್ನಿಕ್ ಎಂದರೆ ಮಾರ್ಕು ಕಡಿಮೆ ಬಂದವರಿಗೆ ಎಂದು ನಂಬಿದ ಮನೆಯವರಿಗೆ ಈ ಗೆರೆಗಳನ್ನು ತೋರಿಸಿದರೆ ಸಾಕು. ಕೆಪಿಟಿ ಎಂದರೆ ನಮ್ಮ ಮಕ್ಕಳಿಗೆ ಮಂಗಳೂರಿನ ಜಂಕ್ಷನ್ ಗೊತ್ತಿರುತ್ತದೆ, ಆ ಹೆಸರಿನ ಹಿಂದೆ 1946ರಲ್ಲಿ ಶುರುವಾದ ಪಾಲಿಟೆಕ್ನಿಕ್ ಇದೆಯೆಂಬುದು ಎಲ್ಲರಿಗೂ ಗೊತ್ತಿರುವುದಿಲ್ಲ.

ಈಗ ಹೆಚ್ಚಾದ 4 ವರ್ಷ ಎಲ್ಲಿ ಹೋಯಿತೆಂದು ಬಿಡಿಸಬೇಕು. ಪಿಯುಸಿಗೆ 2, ಕೆಲಸಕ್ಕೆ 1, ಐಟಿಐ ಮೂಲಕ ಬಂದುದಕ್ಕೆ 1. ಕೆಲಸದ ವರ್ಷ ನಷ್ಟವಲ್ಲ, ಕೈಗೆ ಸಂಬಳ ಬಂತು, ಪ್ಯಾನೆಲ್ ಬೋರ್ಡಿನ ಪರಿಚಯವಾಯಿತು. ನಿಜವಾಗಿ ನಿಂತು ನೋಡಬೇಕಾದದ್ದು ಪಿಯುಸಿಯ ಆ 2 ವರ್ಷ. ಹತ್ತರವರೆಗೆ ಕನ್ನಡದಲ್ಲಿ ವಿಜ್ಞಾನ ಓದಿದವನಿಗೆ ಪ್ರಥಮ ಪಿಯುಸಿಯ ಮೊದಲ ದಿನದಿಂದಲೇ ಎಲ್ಲವೂ ಇಂಗ್ಲಿಷಿನಲ್ಲಿ. ವಿಷಯ ಗೊತ್ತಿದೆ, ಪ್ರಶ್ನೆ ಅರ್ಥವಾಗುವುದಿಲ್ಲ. ಮೊದಲ ಕೆಲವು ತಿಂಗಳಲ್ಲಿ ಕೈತಪ್ಪಿದ ಭೌತಶಾಸ್ತ್ರ, ಗಣಿತ ಆಮೇಲೆ ಕೈಗೆ ಸಿಗುವುದು ಕಷ್ಟ. ಮಾತಾಡುವವರು ಇಲ್ಲಿ "ನಾನು ಸರಿಯಾಗಿ ಓದಲಿಲ್ಲ" ಎಂದು ಹೇಳಿ ದಾಟಿದರೆ ಮಕ್ಕಳಿಗೆ ಏನೂ ಸಿಗದು. ರಾಜ್ಯ ಪಠ್ಯಕ್ರಮದ ಹತ್ತನೇ ತರಗತಿಯ ವಿಜ್ಞಾನ ಮತ್ತು ಗಣಿತ ಪುಸ್ತಕಗಳು ಇಂಗ್ಲಿಷಿನಲ್ಲೂ ಇವೆ, ಪಾಠಗಳ ಕ್ರಮ ಅದೇ. ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಪರೀಕ್ಷೆ ಮುಗಿದ ಮೇಲಿನ ರಜೆಯಲ್ಲಿ ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ದಿನಕ್ಕೆ ನಾಲ್ಕು ಪುಟ ಓದಿ, ಹೊಸ ಪದಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಲಿ. ಒಂದು ಪಾಠವನ್ನು ಅಲ್ಲೇ ಮಕ್ಕಳ ಎದುರು ಬಿಡಿಸಿ ತೋರಿಸಿದರೆ ಇನ್ನೂ ಒಳ್ಳೆಯದು. ಡಿಪ್ಲೊಮಾಕ್ಕೆ ಹೋಗುವವರಿಗೂ ಇದು ಬೇಕೇ ಬೇಕು.

ಪ್ರತಿ ತಿರುವಿನಲ್ಲೂ ತೆರೆದ ಬಾಗಿಲಿನ ಜೊತೆಗೆ ಮುಚ್ಚಿದ ಬಾಗಿಲನ್ನೂ ಹೇಳಬೇಕು. ಪಿಯುಸಿ ವಿಜ್ಞಾನದಿಂದ ಮುಂದೆ ಬಿಕಾಂಗೆ ಹೋಗಬಹುದು, ವಾಣಿಜ್ಯ ತೆಗೆದುಕೊಂಡವರು ಸಿಇಟಿ ಬರೆದು ಬಿಇ ಸೇರಲಾಗದು, ಅದಕ್ಕೆ ಪಿಯುಸಿಯಲ್ಲಿ ಭೌತಶಾಸ್ತ್ರ, ಗಣಿತ ಕಡ್ಡಾಯ. ಬೇಗ ಕೆಲಸ ಬೇಕೆನ್ನುವವರಿಗೆ ರೈಲ್ವೆಯ ಸಹಾಯಕ ಲೋಕೋ ಪೈಲಟ್ ಹುದ್ದೆಯ ಉದಾಹರಣೆ ಕೊಡಿ, ಹತ್ತನೇ ತರಗತಿಯ ಜೊತೆ ಸಂಬಂಧಪಟ್ಟ ಐಟಿಐ ಇದ್ದವರಿಗೆ ಅದಕ್ಕೆ ಅರ್ಹತೆ ಇದೆ. ವಿದ್ಯುತ್ ಕಂಪನಿಗಳಲ್ಲಿ ಕಿರಿಯ ಇಂಜಿನಿಯರ್‌ಗೆ ಡಿಪ್ಲೊಮಾ, ಸಹಾಯಕ ಇಂಜಿನಿಯರ್‌ಗೆ ಬಿಇ ಕೇಳುತ್ತಾರೆ. ಡಿಪ್ಲೊಮಾದಿಂದ ಬಿಇಗೆ ಹೋಗುವವರಿಗೆ ಗಣಿತವೇ ದೊಡ್ಡ ಏರು. ಜೊತೆಗಿರುವವರು ಪಿಯುಸಿ ಗಣಿತದ ಮೇಲೆ ಇಂಜಿನಿಯರಿಂಗ್‌ನ ಮೊದಲ ವರ್ಷದ ಗಣಿತವನ್ನೂ ಮುಗಿಸಿರುತ್ತಾರೆ. ಡಿಪ್ಲೊಮಾದಲ್ಲಿ ಒಳ್ಳೆಯ ಅಂಕ ತೆಗೆದವರೂ ಇಲ್ಲಿ ತಡವರಿಸುವುದಕ್ಕೆ ಕಾರಣ ಇದು. ಡಿಪ್ಲೊಮಾದ ಕೊನೆಯ ವರ್ಷದಲ್ಲೇ ಕಲನಶಾಸ್ತ್ರವನ್ನು ಮತ್ತೆ ಕೈಗೆತ್ತಿಕೊಳ್ಳಬೇಕು.

ಇನ್ನೊಂದು ಎಚ್ಚರಿಕೆ ಮಾತಾಡುವವರಿಗೇ. ನೀವು ಓದುವಾಗಿನ ನಿಯಮ ಈಗ ಇರಬೇಕೆಂದಿಲ್ಲ. ಈಗ ಎಸ್ಸೆಸ್ಸೆಲ್ಸಿಗೂ ದ್ವಿತೀಯ ಪಿಯುಸಿಗೂ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳ ಅವಕಾಶ ಬಂದಿದೆ. ನಮ್ಮ ಉದಾಹರಣೆಯ ಹುಡುಗ ಇವತ್ತು ಎರಡು ವಿಷಯದಲ್ಲಿ ಹೋದರೆ ಪಿಯುಸಿಯನ್ನು ಅಲ್ಲಿಗೇ ಬಿಡಬೇಕಾಗಿಲ್ಲ. ಮಾತಿಗೆ ಹೋಗುವ ಮುನ್ನ ಪರೀಕ್ಷಾ ಪ್ರಾಧಿಕಾರ ಮತ್ತು ತಾಂತ್ರಿಕ ಶಿಕ್ಷಣ ಇಲಾಖೆಯ ಆ ವರ್ಷದ ಮಾಹಿತಿ ಪುಸ್ತಿಕೆಯನ್ನು ಒಮ್ಮೆ ಓದಿಕೊಂಡೇ ಹೋಗಿ.

ಕಾಗದಪತ್ರದ ಮಾತಿಗೆ ಹತ್ತು ನಿಮಿಷವಾದರೂ ಇರಲಿ. ಸಿಇಟಿ ಮೂಲಕ ಹಂಚುವ ಇಂಜಿನಿಯರಿಂಗ್ ಸೀಟುಗಳಲ್ಲಿ ಗ್ರಾಮೀಣ ಅಭ್ಯರ್ಥಿಗಳಿಗೆ ಶೇ. 15, ಕನ್ನಡ ಮಾಧ್ಯಮದವರಿಗೆ ಶೇ. 5 ಮೀಸಲಾತಿ ಇದೆ. ಎರಡಕ್ಕೂ ಒಂದರಿಂದ ಹತ್ತರವರೆಗೆ ಪೂರ್ತಿ ಹತ್ತು ವರ್ಷ ಬೇಕು. ನಡುವೆ ಒಂದು ವರ್ಷ ಇಂಗ್ಲಿಷ್ ಮಾಧ್ಯಮಕ್ಕೆ ಹೋಗಿ ಬಂದಿದ್ದರೂ ಕನ್ನಡ ಮಾಧ್ಯಮದ ಸವಲತ್ತು ತಪ್ಪುತ್ತದೆ. ವ್ಯಾಸಂಗ ಪ್ರಮಾಣಪತ್ರವನ್ನು ಓದಿದ ಶಾಲೆಗಳಲ್ಲಿ ತುಂಬಿಸಿ ಬಿಇಒ ಸಹಿ ಹಾಕಿಸಬೇಕು. ಪ್ರಾಥಮಿಕ ಶಾಲೆ ಮುಚ್ಚಿಹೋಗಿದ್ದರೆ ಅದರ ದಾಖಲೆ ಈಗ ಎಲ್ಲಿದೆ ಎಂದು ಹುಡುಕಲು ದಿನಗಳು ಹಿಡಿಯುತ್ತವೆ, ಆದ್ದರಿಂದ ಪರಿಶೀಲನೆಯ ಹಿಂದಿನ ದಿನಕ್ಕೆ ಇದನ್ನು ಇಟ್ಟುಕೊಳ್ಳಬಾರದು. ಹೆಸರು, ಇನಿಶಿಯಲ್, ಹುಟ್ಟಿದ ದಿನಾಂಕ ಆಧಾರ್‌ನಲ್ಲೂ ಶಾಲಾ ದಾಖಲೆಯಲ್ಲೂ ಒಂದೇ ಇದೆಯೇ ಎಂದು ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ನೋಂದಾಯಿಸುವ ಮುಂಚೆಯೇ ನೋಡಬೇಕು. ಈ ಕಾರಣಕ್ಕೆ ಇಂಥ ಮಾತನ್ನು ಬೀಳ್ಕೊಡುಗೆ ದಿನಕ್ಕೆ ಇಡದೆ, ಶಾಲೆ ಶುರುವಾದ ಮೊದಲ ತಿಂಗಳುಗಳಲ್ಲೇ ಇಡುವುದು ಸರಿ.

ಪ್ರಶ್ನೆಗಳನ್ನು ಹೆಸರಿಲ್ಲದ ಚೀಟಿಯಲ್ಲಿ ಬರೆಸಿ. ಕೈ ಎತ್ತಲು ನಾಚುವವರು ಚೀಟಿಯಲ್ಲಿ "ಸಂಬಳ ಎಷ್ಟು?", "ಫೀಸು ಯಾರು ಕೊಟ್ಟರು?", "ಅಪ್ಪ ಬೇಡ ಅಂದ್ರೆ ಏನು ಮಾಡೋದು?" ಎಂದು ಬರೆಯುತ್ತಾರೆ. ಫೀಸಿನ ಪ್ರಶ್ನೆಗೆ ನಿಜವನ್ನೇ ಹೇಳಿ. ಅಣ್ಣ ಗಲ್ಫಿನಿಂದ ಕಳಿಸಿದ ಹಣವಿದ್ದರೆ ಅದನ್ನೂ, ವಿದ್ಯಾರ್ಥಿವೇತನವಿದ್ದರೆ ಅದನ್ನೂ. ಆ ಆಸರೆ ಇಲ್ಲದ ಮಗು ಅದೇ ದಾರಿ ಹಿಡಿದರೆ ಎಲ್ಲಿ ಹಣ ಸಾಲದೆ ಹೋಗುತ್ತದೆ ಎಂದು ಆಗ ಅದಕ್ಕೇ ಗೊತ್ತಾಗುತ್ತದೆ.

ಸಾಧ್ಯವಾದರೆ ಫಲಿತಾಂಶ ಬಂದ ವಾರದಲ್ಲಿ ಅರ್ಧ ದಿನ ಮತ್ತೆ ಶಾಲೆಗೆ ಬನ್ನಿ. ಪಿಯುಸಿ, ಡಿಪ್ಲೊಮಾ, ಐಟಿಐ ಮೂರಕ್ಕೂ ಅರ್ಜಿ ಬೇರೆ ಬೇರೆ, ಒಂದಕ್ಕೆ ಹಾಕಿದವರು ಇನ್ನೊಂದಕ್ಕೂ ಹಾಕಬಹುದು. ತೊಡಕಾಗುವುದು ಪಿಯುಸಿಗೆ ಫೀಸು ಕಟ್ಟಿ ಮೂಲ ಅಂಕಪಟ್ಟಿ, ಟಿಸಿ ಕೊಟ್ಟ ಮೇಲೆ ಪಾಲಿಟೆಕ್ನಿಕ್ ಸೀಟು ಬಂದಾಗ. ಬಿಟ್ಟರೆ ಮೂಲ ದಾಖಲೆ ಯಾವಾಗ ವಾಪಸ್ ಕೊಡುತ್ತೀರಿ, ಫೀಸಿನಲ್ಲಿ ಎಷ್ಟು ಹಿಂದಿರುಗುತ್ತದೆ ಎಂದು ಹಣ ಕಟ್ಟುವ ಮುಂಚೆಯೇ ಕಾಲೇಜಿನ ಆಫೀಸಿನಲ್ಲಿ ಕೇಳಿಕೊಳ್ಳಲು ಪೋಷಕರಿಗೆ ಅವತ್ತೇ ಹೇಳಿ.